10.4 ಮಿಲಿಲೀಟರಿನ ಜಗಳ

ಕೊಲ್ಲಾಪುರದಲ್ಲಿ ಬಿ.ಎಸ್ಸಿ. ಓದುವ ಗಡಹಿಂಗ್ಲಜದ ಹುಡುಗಿಯೊಬ್ಬಳು ರಜೆಗೆ ಬಂದಾಗ ಒಂದು ಪತ್ರದ ಕರಡು ತಂದಳು. ‘ಸರ್, ಇದನ್ನ ಒಮ್ಮೆ ನೋಡ್ರಿ’ ಅಂದಳು. ರಸಾಯನಶಾಸ್ತ್ರದ ಪ್ರಾಯೋಗಿಕ ವರದಿಯಲ್ಲಿ ಕಳೆದ ನಾಲ್ಕು ಅಂಕಗಳನ್ನು ಮತ್ತೆ ನೋಡಬೇಕೆಂಬ ಕೋರಿಕೆ ಅದು.

ಪ್ರಯೋಗ ಹಳೆಯದೇ. 0.63 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳನ್ನು ತೂಗಿ, 100 ಮಿಲಿಲೀಟರ್ ದ್ರಾವಣ ಮಾಡಿದರೆ ಅದು 0.05 ಮೋಲಾರ್. ಅದರಲ್ಲಿ 10 ಮಿಲಿಲೀಟರಿಗೆ ಸಲ್ಫ್ಯೂರಿಕ್ ಆಮ್ಲ ಬೆರೆಸಿ, ಬಿಸಿ ಮಾಡಿ, ಬ್ಯೂರೆಟ್ಟಿನಿಂದ ಪರ್ಮ್ಯಾಂಗನೇಟ್ ಹನಿಸಬೇಕು. ತಿಳಿ ಗುಲಾಬಿ ಬಣ್ಣ ನಿಂತಾಗ ಮುಗಿಯಿತು. ಸೀಸೆಯ ಚೀಟಿಯಲ್ಲಿದ್ದಂತೆ ಪರ್ಮ್ಯಾಂಗನೇಟ್ 0.02 ಮೋಲಾರ್ ಆಗಿದ್ದರೆ ಸರಿಯಾಗಿ 10 ಮಿಲಿಲೀಟರ್ ಸಾಕು. ಇವಳಿಗೆ ಮೂರು ಸಲವೂ 10.4 ಬಂತು. ಹಾಗಾಗಿ ದ್ರಾವಣ 0.0192 ಮೋಲಾರ್ ಎಂದು ಬರೆದಳು. ಉತ್ತರ ತಪ್ಪೆಂದು ಮೂರು ಅಂಕ ಹೋಯಿತು.

ಇನ್ನೊಂದು ಅಂಕ ಹೋದದ್ದು ಬ್ಯೂರೆಟ್ಟಿನಲ್ಲಿ ದ್ರವದ ಮೇಲಂಚನ್ನು ಓದಿದ್ದಕ್ಕೆ. ಇದರಲ್ಲಿ ಅವಳದೇ ಸರಿ. ಕಡುನೇರಳೆ ದ್ರವದಲ್ಲಿ ತಗ್ಗಿನ ತಳ ಕಾಣುವುದಿಲ್ಲ. ಆರಂಭಕ್ಕೂ ಕೊನೆಗೂ ಮೇಲಂಚನ್ನೇ ಓದಿದರೆ ಕಳೆಯುವಾಗ ವ್ಯತ್ಯಾಸ ಅಳಿದುಹೋಗುತ್ತದೆ.

ದೊಡ್ಡ ವಾದ ಆ ಮೂರು ಅಂಕದ್ದು. ತಪ್ಪು ಯಾವ ಕಡೆಗೆ ಎಳೆಯುತ್ತದೆ ಎಂದು ಅವಳು ಒಂದೊಂದಾಗಿ ನೋಡಿದ್ದು ನನಗೆ ಬಹಳ ಹಿಡಿಸಿತು. ಆಮ್ಲದ ದ್ರಾವಣವನ್ನು ಕುದಿಸಿಬಿಟ್ಟರೆ ಆಕ್ಸಾಲಿಕ್ ಆಮ್ಲ ಒಡೆಯುತ್ತದೆ. ಆಗ 10ಕ್ಕಿಂತ ಕಡಿಮೆ ಬರಬೇಕಿತ್ತು. ಸಲ್ಫ್ಯೂರಿಕ್ ಆಮ್ಲ ಸಾಲದಿದ್ದರೆ ಹೆಚ್ಚು ಬರುತ್ತದೆ ನಿಜ, ಆದರೆ ಮ್ಯಾಂಗನೀಸ್ ಡೈಆಕ್ಸೈಡಿನ ಕಂದು ಕದಡು ಫ್ಲಾಸ್ಕಿನಲ್ಲಿ ಕಾಣುತ್ತದೆ. ಇವಳ ವರದಿಯಲ್ಲಿ ‘ದ್ರಾವಣ ತಿಳಿ’ ಎಂದಿದೆ. ಕಂದು ಕಲೆ ಇದ್ದದ್ದು ಪರ್ಮ್ಯಾಂಗನೇಟಿನ ಸೀಸೆಯ ತಳದಲ್ಲಿ! ನೀರಿನಲ್ಲಿರುವ ಸಾವಯವ ಕೊಳೆ, ಧೂಳು, ಬೆಳಕು ಇವು ಪರ್ಮ್ಯಾಂಗನೇಟನ್ನು ಮೆಲ್ಲಗೆ ಕೆಡಿಸುತ್ತವೆ, ಹುಟ್ಟಿದ ಕಂದು ಪುಡಿ ಆ ಕೆಡುಕನ್ನು ಇನ್ನಷ್ಟು ಬೇಗ ಮಾಡುತ್ತದೆ. ಅದಕ್ಕೇ ಹೊಸ ದ್ರಾವಣವನ್ನು ಕಾಯಿಸಿ, ಗಾಜಿನ ಉಣ್ಣೆಯಲ್ಲಿ ಸೋಸಿ, ಕಂದು ಸೀಸೆಯಲ್ಲಿಡುವುದು. ಕಾಗದದಲ್ಲಿ ಸೋಸಬಾರದು, ಕಾಗದವೇ ಅದನ್ನು ಕೆಡಿಸುತ್ತದೆ.

ಕರಡು ಅಲ್ಲಿಗೇ ನಿಂತಿತ್ತು. ಒಂದು ಸಂದು ಉಳಿದಿದೆ ಎಂದೆ. ಹರಳು ಒಣಗಿ ಅದರೊಳಗಿನ ನೀರು ಸ್ವಲ್ಪ ಹಾರಿದ್ದರೆ, ಇಲ್ಲವೇ ತೂಕವೇ ತುಸು ಹೆಚ್ಚು ಬಿದ್ದಿದ್ದರೆ, ಆಗಲೂ 10.4 ಬರುತ್ತದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಳಗೆ ಹೀಗೆ ಸೇರಿಸಿದಳು: ‘ಸೋಡಿಯಂ ಆಕ್ಸಲೇಟ್ ಹರಳಿನಲ್ಲಿ ನೀರಿಲ್ಲ. ಅದನ್ನು 0.67 ಗ್ರಾಂ ತೂಗಿ 100 ಮಿಲಿಲೀಟರ್ ಮಾಡಿ, ಅದೇ ಸೀಸೆಯ ದ್ರಾವಣದಿಂದ ಪರೀಕ್ಷಿಸಬೇಕೆಂದು ವಿನಂತಿ. ಸೀಸೆ ಇನ್ನಷ್ಟು ಹಳತಾಗುವ ಮೊದಲೇ ಆಗಲಿ. 10.4ರ ಆಸುಪಾಸು ಬಂದರೆ ಅಂಕ ಕೊಡಿ. 10.0 ಬಂದರೆ ತಪ್ಪು ನನ್ನ ಆಕ್ಸಾಲಿಕ್ ದ್ರಾವಣದ್ದು. ಆ ಮೂರು ಅಂಕ ಕೇಳುವುದಿಲ್ಲ.’