‘ಗಾರ್ಡ್ ಮಲಗಿದ್ದ’ ಎಂದಷ್ಟೇ ಬರೆದರೆ ಸಾಲದು

ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕುರ್ಚಿಯ ಮೇಲೆ ತಲೆ ವಾಲಿಸಿ ಮಲಗಿದ ಗಾರ್ಡ್‌ನ ಫೋಟೊ ಬಿತ್ತೆಂದರೆ ಮುಂದೇನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಾರ್ಯದರ್ಶಿ ಏಜೆನ್ಸಿಯ ಫೀಲ್ಡ್ ಆಫೀಸರ್‌ಗೆ ಫೋನ್ ಮಾಡುತ್ತಾರೆ. “ಸಾರ್, ನಾಳೆಯಿಂದ ಬೇರೆ ಹುಡುಗನ್ನ ಹಾಕ್ತೀನಿ ಬಿಡಿ” ಎಂದು ಆತ ಸಮಾಧಾನ ಹೇಳುತ್ತಾನೆ. ಹೊಸಬ ಬರುತ್ತಾನೆ, ಹಳಬ ಇನ್ಯಾವುದೋ ಗೇಟಿಗೆ ಹೋಗುತ್ತಾನೆ. ಸ್ವಲ್ಪ ದಿನದಲ್ಲೇ ಹೊಸಬನ ಫೋಟೊವೂ ಗುಂಪಿಗೆ ಬರುತ್ತದೆ.

ಫೋಟೊ ನೋಡಿದರೆ ಗಾರ್ಡ್ ಮಲಗಿದ್ದು ತಿಳಿಯುತ್ತದೆ. ಅವನು ಮಲಗಿದ್ದಾಗ ಯಾರು ಒಳಗೆ ಬಂದರು, ಅವನು ಯಾಕೆ ಮಲಗಿದ ಎಂಬುದು ತಿಳಿಯುವುದಿಲ್ಲ. ಏಜೆನ್ಸಿ ಉತ್ತರ ಹೇಳಲೇಬೇಕಾದದ್ದು ಈ ಎರಡು ಪ್ರಶ್ನೆಗಳಿಗೆ. ಅದಕ್ಕೆ ಬೇಕಾದ ಸಾಕ್ಷ್ಯ ಗೇಟಿನಲ್ಲೇ ಇರುತ್ತದೆ: ಕ್ಯಾಮೆರಾ, ವಿಸಿಟರ್ ರಿಜಿಸ್ಟರ್, ಗಾರ್ಡ್‌ಗಳ ಹಾಜರಿ ಪುಸ್ತಕ.

ಬೆಂಗಳೂರಿನ 80 ಮನೆಗಳ ಒಂದು ಅಪಾರ್ಟ್‌ಮೆಂಟ್ ಎಂದಿಟ್ಟುಕೊಳ್ಳಿ. ರಾತ್ರಿ ಗೇಟಿನಲ್ಲಿ ಒಬ್ಬ, ಬೇಸ್‌ಮೆಂಟ್ ಸುತ್ತು ಹಾಕಲು ಇನ್ನೊಬ್ಬ. ಒಂದು ರಾತ್ರಿಯ ಬಗ್ಗೆ ದೂರು ಬಂದಿದೆ. ಸಮಿತಿಯವರು ಮೊದಲು ಮಾಡಬೇಕಾದದ್ದು ಆ ರಾತ್ರಿಯ ದೃಶ್ಯವನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುವುದು. ಡಿಸ್ಕ್ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತ ಹೋಗುವುದರಿಂದ, ತಡವಾದರೆ ನೋಡಲು ಏನೂ ಉಳಿದಿರುವುದಿಲ್ಲ. ಕ್ಯಾಮೆರಾದ ಗಡಿಯಾರವನ್ನು ಮೊಬೈಲ್ ಸಮಯಕ್ಕೆ ಹೋಲಿಸಿ ನೋಡುವುದೂ ಮುಖ್ಯ. ಅದು ಏಳು ನಿಮಿಷ ಮುಂದಿದ್ದರೆ ಕ್ಯಾಮೆರಾದ 2.17 ಎಂದರೆ ನಿಜವಾದ 2.10. ಈ ವ್ಯತ್ಯಾಸವನ್ನು ದೂರಿನಲ್ಲಿ ಬರೆಯದಿದ್ದರೆ ಏಜೆನ್ಸಿಯವರು ಮೊದಲು ಹಿಡಿಯುವ ತಪ್ಪೇ ಅದು.

ಈಗ ರಿಜಿಸ್ಟರನ್ನು ಪಕ್ಕದಲ್ಲಿಟ್ಟುಕೊಂಡು ಕೂರಬೇಕು. ಹನ್ನೊಂದರಿಂದ ಐದರವರೆಗೆ ಹೊರಗಿನ ಒಂಬತ್ತು ಮಂದಿ ಒಳಗೆ ಬಂದದ್ದು ಕ್ಯಾಮೆರಾದಲ್ಲಿದೆ, ರಿಜಿಸ್ಟರ್‌ನಲ್ಲಿ ಐದೇ ಹೆಸರು. ಬಿಟ್ಟುಹೋದ ನಾಲ್ವರಲ್ಲಿ ಮೂವರು 2.10ರಿಂದ 3.40ರ ನಡುವೆ ಚಿಲಕ ಹಾಕದ ಚಿಕ್ಕ ಗೇಟನ್ನು ತಳ್ಳಿಕೊಂಡು ಬಂದವರು. ಅಷ್ಟೂ ಹೊತ್ತು ಗಾರ್ಡ್ ಕುರ್ಚಿ ಬಿಟ್ಟು ಎದ್ದಿಲ್ಲ.

ಬರೆದಿರುವ ಐದು ಸಾಲುಗಳನ್ನೂ ಸುಮ್ಮನೆ ನಂಬಬಾರದು. ಬಂದವರೇ ಬರೆದು ಸಹಿ ಹಾಕಬೇಕಾದ ಕಡೆ ಐದೂ ಸಾಲು ಒಂದೇ ಕೈಬರಹ, ಒಂದೇ ಶಾಯಿ. ಉದ್ದೇಶದ ಕಾಲಂನಲ್ಲಿ ಉದ್ದಕ್ಕೂ ‘ಗೆಸ್ಟ್’. ಹೊರಹೋದ ಸಮಯ ಎಲ್ಲರಿಗೂ ಐದು ಗಂಟೆ, ಕೆಳಗಿನ ನಾಲ್ಕು ಸಾಲಿಗೆ ಬರೀ ಮೇಲಿನಂತೆಯೇ ಎಂಬ ಗೆರೆ. ಇದು ಬೆಳಗ್ಗೆ ಒಂದೇ ಸಲ ಕೂತು ತುಂಬಿಸಿದ ಪುಟ. ನನ್ನ ಪ್ರಕಾರ ಖಾಲಿ ಪುಟಕ್ಕಿಂತ ಇದೇ ಅಪಾಯ. ನಾಳೆ ಕಳ್ಳತನವಾಗಿ ಪೊಲೀಸರು ಬಂದರೆ ಅವರ ಕೈಗೆ ಸಿಗುವುದು ಈ ಸುಳ್ಳು ದಾಖಲೆ.

ಕೊನೆಗೆ ಹಾಜರಿ ಪುಸ್ತಕ. ರಾತ್ರಿ ಎಂಟಕ್ಕೆ ಸಹಿ ಹಾಕಿದ ಅದೇ ಗಾರ್ಡ್ ಅಂದು ಬೆಳಗ್ಗೆ ಎಂಟಕ್ಕೂ ಸಹಿ ಹಾಕಿದ್ದಾನೆ. ರಿಲೀವರ್ ಬಂದಿಲ್ಲ, ಡಬಲ್ ಡ್ಯೂಟಿ ಬಿದ್ದಿದೆ. ನಸುಕಿನ ಎರಡಕ್ಕೆ ಅವನು ಹದಿನೆಂಟು ಗಂಟೆ ಕೆಲಸ ಮಾಡಿಯಾಗಿತ್ತು. ಬಿಲ್ಲಿನಲ್ಲಿ ಮಾತ್ರ ಹಗಲಿಗೊಬ್ಬ, ರಾತ್ರಿಗೊಬ್ಬ. ಇಲ್ಲಿಗೆ ದೂರು ಗಾರ್ಡ್‌ನನ್ನು ಬಿಟ್ಟು ಏಜೆನ್ಸಿಯ ಕಡೆ ತಿರುಗುತ್ತದೆ.

ಆದ್ದರಿಂದ ಪತ್ರ ಹೀಗಿರಲಿ: “ಮಾನ್ಯರೇ, ಮೇ 14ರ ನಸುಕಿನ 2.10ರಿಂದ 3.40ರವರೆಗೆ ಮುಖ್ಯ ಗೇಟಿನಲ್ಲಿ ನಿಮ್ಮ ಗಾರ್ಡ್ ನಿದ್ರಿಸುತ್ತಿದ್ದರು. ಆ ಅವಧಿಯಲ್ಲಿ ಮೂವರು ದಾಖಲೆಯಿಲ್ಲದೆ ಒಳಬಂದಿದ್ದಾರೆ. ಹಾಜರಿ ಪುಸ್ತಕದ ಪ್ರಕಾರ ಇವರು ಹಿಂದಿನ ಬೆಳಗ್ಗೆ 8ರಿಂದಲೇ ಕರ್ತವ್ಯದಲ್ಲಿದ್ದರು. ರಿಲೀವರ್ ಕಳಿಸದಿರಲು ಕಾರಣವೇನು, ಆ ರಾತ್ರಿ ಮೇಲ್ವಿಚಾರಕರು ಎಷ್ಟು ಹೊತ್ತಿಗೆ ತಪಾಸಣೆಗೆ ಬಂದಿದ್ದರು ಎಂಬುದನ್ನು ಏಳು ದಿನದೊಳಗೆ ಲಿಖಿತವಾಗಿ ತಿಳಿಸಿ.” ಜೊತೆಗೆ ರಿಜಿಸ್ಟರ್ ಪುಟದ ನಕಲು, ಹಾಜರಿ ಪುಟದ ನಕಲು, ಕ್ಯಾಮೆರಾ ದೃಶ್ಯ. ಇದನ್ನು ಫೀಲ್ಡ್ ಆಫೀಸರ್‌ಗೆ ಕೊಟ್ಟು ಸುಮ್ಮನಾಗದೆ, ಒಪ್ಪಂದಕ್ಕೆ ಸಹಿ ಹಾಕಿದವರಿಗೇ ಇಮೇಲ್ ಮಾಡಬೇಕು.

ಮೇಲ್ವಿಚಾರಕರ ಬಗ್ಗೆ ಕೇಳುವುದಕ್ಕೆ ಆಧಾರವಿದೆ. 2005ರ ಖಾಸಗಿ ಭದ್ರತಾ ಏಜೆನ್ಸಿ ನಿಯಂತ್ರಣ ಕಾಯ್ದೆಯಡಿ ಕೇಂದ್ರ ಸರ್ಕಾರ ತಂದ ಮಾದರಿ ನಿಯಮಗಳು ಹದಿನೈದು ಗಾರ್ಡ್‌ಗಳಿಗೆ ಒಬ್ಬರಾದರೂ ಮೇಲ್ವಿಚಾರಕರಿರಬೇಕು ಎನ್ನುತ್ತವೆ. ಹೊಸ ಗಾರ್ಡ್‌ಗೆ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿಯನ್ನೂ ಅವು ಹೇಳುತ್ತವೆ. ಲೈಸೆನ್ಸ್ ಇಲ್ಲದೆ ಏಜೆನ್ಸಿ ನಡೆಸುವಂತೆಯೇ ಇಲ್ಲ. ಉತ್ತರ ಬಾರದಿದ್ದರೆ ಲೈಸೆನ್ಸ್ ಪ್ರತಿ ಮತ್ತು ಗಾರ್ಡ್‌ಗಳ ತರಬೇತಿ ಪ್ರಮಾಣಪತ್ರ ಕೇಳಿ. ಅದಕ್ಕೂ ಜಗ್ಗದಿದ್ದರೆ ಲೈಸೆನ್ಸ್ ಕೊಟ್ಟ ರಾಜ್ಯದ ನಿಯಂತ್ರಣ ಪ್ರಾಧಿಕಾರಕ್ಕೆ ಬರೆಯಬಹುದು.

ಹಣದ ವಿಷಯದಲ್ಲಿ ಒಂದು ಎಚ್ಚರ ಬೇಕು. ಬಾರದ ರಿಲೀವರ್‌ನ ಪಾಳಿಯ ಹಣವನ್ನು ಬಿಲ್ಲಿನಿಂದ ಕಡಿತ ಮಾಡಲು ಒಪ್ಪಂದದಲ್ಲಿ ಷರತ್ತು ಇರಬೇಕು, ಇಲ್ಲದಿದ್ದರೆ ಜಗಳಕ್ಕೆ ದಾರಿ. ಕಡಿತ ಮಾಡಿದರೂ ಅದನ್ನು ಗಾರ್ಡ್‌ನ ಸಂಬಳದಿಂದ ಕೀಳಬಾರದು ಎಂದು ಪತ್ರದಲ್ಲೇ ಬರೆಯಿರಿ. ಎಷ್ಟೋ ಕಡೆ ಆಗುವುದು ಅದೇ. ಆ ನಷ್ಟ ತುಂಬಿಕೊಳ್ಳಲು ಅವನು ಮತ್ತೊಂದು ಡಬಲ್ ಡ್ಯೂಟಿ ಹಿಡಿಯುತ್ತಾನೆ.