ಗುರುವಿಗೊಂದು ಪತ್ರ: ಏನು ಬರೆಯಬೇಕು, ಏನು ಕೇಳಬೇಕು?

ಭೀಮಸೇನ ಜೋಶಿಯವರು ಇನ್ನೂ ಹುಡುಗರಾಗಿದ್ದಾಗಲೇ, 1933ರಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟರು. ಉತ್ತರದ ಊರುಗಳನ್ನೆಲ್ಲ ಸುತ್ತಿ, ಕೊನೆಗೆ ಅವರು ನೆಲೆ ಕಂಡದ್ದು ಕುಂದಗೋಳದ ಸವಾಯಿ ಗಂಧರ್ವರ ಬಳಿ. ಈಗ ಹಾಗೆ ಯಾರ ಮನೆಬಾಗಿಲಿಗೂ ಹೋಗಿ ನಿಲ್ಲುವ ಕಾಲವಲ್ಲ. ಹಿರಿಯ ಗಾಯಕರ ಬಳಿ ಕಲಿಯಬೇಕೆನ್ನುವವರು ಮೊದಲು ಒಂದು ಪತ್ರ ಬರೆಯುತ್ತಾರೆ. ಆ ಪತ್ರ ಓದಿದವರಿಗೆ ಹುಡುಗಿಯ ಹಾಡು ಕೇಳಬೇಕು ಅನ್ನಿಸಬೇಕು, ಅಷ್ಟೇ ಅದರ ಕೆಲಸ.

ಒಂದು ಉದಾಹರಣೆ ನೋಡೋಣ. ಹುಬ್ಬಳ್ಳಿಯ ಇಪ್ಪತ್ತೆರಡರ ಹುಡುಗಿ, ಗ್ವಾಲಿಯರ್ ಪದ್ಧತಿಯ ಗುರುಗಳ ಬಳಿ ಎಂಟು ವರ್ಷ ಕಲಿತಿದ್ದಾಳೆ. ಈಗ ಧಾರವಾಡದಲ್ಲಿರುವ ಕಿರಾಣಾ ಘರಾಣೆಯ ಹಿರಿಯ ಗಾಯಕಿಯೊಬ್ಬರ ಬಳಿ ಮುಂದುವರಿಯುವ ಆಸೆ. ಮೊದಲ ಕರಡಿನಲ್ಲಿ ಅವಳು ಬರೆದದ್ದು ಇಷ್ಟು: ಪರೀಕ್ಷೆಗಳಲ್ಲಿ ಬಂದ ದರ್ಜೆ, ಗೆದ್ದ ಸ್ಪರ್ಧೆಗಳು, ಕಲಿತ ನಲವತ್ತು ರಾಗಗಳ ಹೆಸರು, ಮತ್ತು ಗುರುಗಳ ಬಗ್ಗೆ ಅರ್ಧ ಪುಟ ಹೊಗಳಿಕೆ. ಇದನ್ನು ಓದಿದವರಿಗೆ ಅವಳ ಕಂಠ ಹೇಗಿದೆ, ಅವಳಿಗೆ ಏನು ಕಲಿಸಬೇಕು ಎಂಬುದು ಗೊತ್ತಾಗುವುದಿಲ್ಲ.

ಎರಡನೆಯ ಕರಡಿನಲ್ಲಿ ಅವಳು ಹೀಗೆ ಬರೆದಳು: “ಪೂಜ್ಯ ಗುರುಗಳಿಗೆ ನಮಸ್ಕಾರಗಳು. ನಾನು ಕಪ್ಪು ನಾಲ್ಕರಲ್ಲಿ ಹಾಡುತ್ತೇನೆ. ಮಂದ್ರ ಪಂಚಮದವರೆಗೆ ಧ್ವನಿ ಇಳಿಯುತ್ತದೆ, ಅದರ ಕೆಳಗೆ ತೆಳುವಾಗುತ್ತದೆ. ಯಮನ್, ಭೂಪ್, ಭೀಮಪಲಾಸ್ ಈ ಮೂರನ್ನು ಧೈರ್ಯವಾಗಿ ಹಾಡಬಲ್ಲೆ. ವಿಲಂಬಿತ ಏಕತಾಲದಲ್ಲಿ ಆಲಾಪ ಮಾಡುತ್ತ ಹೋದಾಗ ಸಮಕ್ಕೆ ಬರುವುದು ತಪ್ಪುತ್ತದೆ.” ಈ ನಾಲ್ಕು ವಾಕ್ಯಗಳಲ್ಲಿ ಗುರುವಿಗೆ ಬೇಕಾದ್ದೆಲ್ಲ ಬಂದಿದೆ.

ಕಪ್ಪು ನಾಲ್ಕು ಎಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯನ್ನು ಷಡ್ಜವಾಗಿ ಇಟ್ಟುಕೊಳ್ಳುವುದು. ಗಂಡಸರು ಸಾಮಾನ್ಯವಾಗಿ ಇದಕ್ಕಿಂತ ತಗ್ಗಿನ ಶ್ರುತಿಯಲ್ಲಿ, ಕಪ್ಪು ಒಂದರ ಆಸುಪಾಸಿನಲ್ಲಿ, ಹಾಡುತ್ತಾರೆ. ಗುರುವೂ ಶಿಷ್ಯೆಯೂ ಒಂದೇ ತಂಬೂರಿಯ ಮುಂದೆ ಕೂತು ಹಾಡುವ ವಿದ್ಯೆಯಿದು. ಶ್ರುತಿ ದೂರವಾದಷ್ಟೂ ಇಬ್ಬರಲ್ಲೊಬ್ಬರ ಗಂಟಲಿಗೆ ತೊಂದರೆ. ಆದ್ದರಿಂದ ಗುರುಗಳು ಮೊದಲು ನೋಡುವ ಸಾಲುಗಳಲ್ಲಿ ಇದೂ ಒಂದು. ಇನ್ನು ಸಮ ತಪ್ಪುವ ಮಾತು: ಹನ್ನೆರಡು ಮಾತ್ರೆಯ ಏಕತಾಲವನ್ನು ತೀರ ನಿಧಾನಕ್ಕೆ ಹಿಡಿದಾಗ ಒಂದು ಆವರ್ತನ ಮುಗಿಯಲು ಬಹಳ ಹೊತ್ತು ಬೇಕು. ರಾಗದ ಯೋಚನೆಯಲ್ಲಿ ಮುಳುಗಿದವರಿಗೆ ಠೇಕಾದ ಗುರುತು ಕೈಬಿಡುತ್ತದೆ. ಅದನ್ನು ತಾನಾಗಿ ಹೇಳಿಕೊಂಡವಳಿಗೆ ತನ್ನ ಹಾಡು ತನಗೇ ಕೇಳಿಸುತ್ತಿದೆ ಎಂಬುದು ಗುರುವಿಗೆ ತಿಳಿಯುತ್ತದೆ.

ಮುಂದಿನ ಸಾಲು ಸೂಕ್ಷ್ಮವಾದದ್ದು. ಈವರೆಗೆ ಕಲಿಸಿದವರ ಹೆಸರು, ಅವರ ಒಪ್ಪಿಗೆ ಇದೆಯೆಂಬ ಮಾತು ಪತ್ರದಲ್ಲಿ ಇರಲೇಬೇಕು. ಹಳೆಯ ಗುರುಗಳಿಗೆ ಹೇಳದೆ ಬಂದವರನ್ನು ತೆಗೆದುಕೊಳ್ಳಲು ಅನೇಕರು ಹಿಂಜರಿಯುತ್ತಾರೆ. ಗುರು ಬದಲಾಗುವುದು ತಪ್ಪೇನಲ್ಲ. ಮಲ್ಲಿಕಾರ್ಜುನ ಮನಸೂರರು ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿ ಕಲಿತು, ಆಮೇಲೆ ಜೈಪುರ-ಅತ್ರೌಲಿಯ ಮಂಜಿಖಾನರ ಶಿಷ್ಯರಾದರು. ಆದರೆ ಘರಾಣೆ ಬದಲಾದಾಗ ದನಿ ತೆಗೆಯುವ ರೀತಿ, ರಾಗ ಬೆಳೆಸುವ ಕ್ರಮ ಎಲ್ಲವೂ ಬದಲಾಗುತ್ತವೆ. ಕಿರಾಣಾದಲ್ಲಿ ಒಂದೊಂದೇ ಸ್ವರದ ಮೇಲೆ ನಿಂತು ನಿಧಾನವಾಗಿ ರಾಗ ಬಿಡಿಸುತ್ತಾರೆ. ಎಂಟು ವರ್ಷ ಕಲಿತವಳನ್ನೂ ತಿಂಗಳುಗಟ್ಟಲೆ ಷಡ್ಜ ಹಿಡಿದು ಕೂರಿಸಬಹುದು. “ಮೊದಲಿನಿಂದ ತಿದ್ದಿಕೊಳ್ಳಲು ಸಿದ್ಧಳಿದ್ದೇನೆ” ಎಂಬ ಮಾತಿಗೆ ಇಷ್ಟು ತೂಕವಿದೆ. ನಿಜಕ್ಕೂ ಮನಸ್ಸಿದ್ದರೆ ಮಾತ್ರ ಬರೆಯಬೇಕು.

ಸಮಯದ ಬಗ್ಗೆಯೂ ಸ್ಪಷ್ಟವಾಗಿರಬೇಕು. ಗಂಗೂಬಾಯಿ ಹಾನಗಲ್ಲರು ಸಂಸಾರ ಸಾಗಿಸುತ್ತಲೇ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತವರು. ನಮ್ಮ ಹುಡುಗಿಗೆ ಕೆಲಸವಿದ್ದರೆ, ವಾರದಲ್ಲಿ ಯಾವ ದಿನ ಬರಬಲ್ಲೆ, ಮನೆಯಲ್ಲಿ ದಿನಕ್ಕೆಷ್ಟು ಹೊತ್ತು ರಿಯಾಜ್ ಸಾಧ್ಯ ಎಂದು ಇದ್ದದ್ದನ್ನು ಇದ್ದಂತೆ ಹೇಳುವುದು ಒಳ್ಳೆಯದು. ಗುರುದಕ್ಷಿಣೆಯ ವಿಷಯ ಕೇಳಲು ಸಂಕೋಚ ಬೇಡ. “ತಾವು ಹೇಳಿದಂತೆ ನಡೆದುಕೊಳ್ಳುತ್ತೇನೆ, ಕಷ್ಟವಾದರೆ ಮೊದಲೇ ತಿಳಿಸುತ್ತೇನೆ” ಎಂದರೆ ಇಬ್ಬರಿಗೂ ಹಗುರ.

ಜೊತೆಗೆ ಹತ್ತು ನಿಮಿಷದ ಧ್ವನಿಮುದ್ರಣ ಸಾಕು. ತಂಬೂರಿ, ತಬಲಾ ಬಿಟ್ಟು ಬೇರೇನೂ ಬೇಡ. ಪ್ರತಿಧ್ವನಿ ಸೇರಿಸಿದ, ಕತ್ತರಿಸಿ ಜೋಡಿಸಿದ ಮುದ್ರಣದಲ್ಲಿ ಶ್ರುತಿದೋಷ ಮುಚ್ಚಿಹೋಗುತ್ತದೆ, ಎದುರು ಕೂತು ಷಡ್ಜ ಹಚ್ಚಿದ ಕೂಡಲೇ ಅದು ಬಯಲಾಗುತ್ತದೆ. ಎದುರು ಕೂತಾಗ ಗುರುಗಳು ಪೂರ್ತಿ ಖಯಾಲನ್ನೇ ಕೇಳಬೇಕೆಂದಿಲ್ಲ. ತಾವೊಂದು ಸಣ್ಣ ಸಂಗತಿ ಹಾಡಿ “ಹೇಳು ನೋಡೋಣ” ಎನ್ನಬಹುದು. ಕೇಳಿದ್ದನ್ನು ಹಿಡಿಯುವ ಕಿವಿ ಇದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಹಾಗಾಗಿ ಪತ್ರದ ಕೊನೆಗೆ “ನನ್ನನ್ನು ಶಿಷ್ಯೆಯಾಗಿ ಸ್ವೀಕರಿಸಿ” ಎಂದು ಒಮ್ಮೆಲೇ ಕೇಳುವುದಕ್ಕಿಂತ “ತಮಗೆ ಬಿಡುವಾದಾಗ ಒಮ್ಮೆ ನನ್ನ ಹಾಡು ಕೇಳಿ, ಕಲಿಸಬಹುದು ಅನ್ನಿಸಿದರೆ ಹೇಳಿ” ಎನ್ನುವುದು ಲೇಸು. ಗಂಡಾ ಕಟ್ಟಿಸಿಕೊಂಡು ವಿಧಿವತ್ತಾಗಿ ಶಿಷ್ಯೆಯಾಗುವ ಪದ್ಧತಿ ಇರುವ ಕಡೆಯೂ ಅದಕ್ಕೆ ಮೊದಲು ಕೆಲ ಕಾಲ ಕಲಿಸಿ ನೋಡುವುದುಂಟು. ಆ ಅವಧಿಯಲ್ಲಿ ಗುರುವನ್ನು ಅರಿಯುವ ಅವಕಾಶ ಶಿಷ್ಯೆಗೂ ಇರುತ್ತದೆ.