ನೌಕರನ ಬಿಡುವಿನ ವೇಳೆಯ ಆವಿಷ್ಕಾರ ಮತ್ತು ಕೃತಿಗಳ ಒಡೆತನ

ನೌಕರನೊಬ್ಬನು ಕೆಲಸದ ಅವಧಿಯ ಹೊರಗೆ, ತನ್ನ ಸ್ವಂತ ಸಮಯದಲ್ಲಿ ರಚಿಸಿದ ಕೃತಿ ಅಥವಾ ಮಾಡಿದ ಆವಿಷ್ಕಾರ ಯಾರಿಗೆ ಸೇರುತ್ತದೆ ಎಂಬುದು ಬೌದ್ಧಿಕ ಆಸ್ತಿ ಕಾನೂನಿನ ಒಂದು ಪ್ರಶ್ನೆ. ಸಂಬಳ ಕೊಡುವವನಿಗೆ ನೌಕರನ ಬುದ್ಧಿಯ ಫಲವೆಲ್ಲವೂ ಸಲ್ಲುತ್ತದೆ ಎಂದು ಕೆಲವರು ತಿಳಿದಿರುತ್ತಾರೆ. ಮನೆಯಲ್ಲಿ ರಾತ್ರಿ ಕುಳಿತು ಮಾಡಿದ್ದೆಲ್ಲ ತನ್ನದೇ ಎಂದು ಮತ್ತೆ ಕೆಲವರು. ಈ ಎರಡೂ ತಿಳಿವಳಿಕೆಗಳು ಪೂರ್ಣವಾಗಿ ಸರಿಯಲ್ಲ. ನ್ಯಾಯಾಲಯಗಳು ಗಡಿಯಾರಕ್ಕಿಂತ ಹೆಚ್ಚಾಗಿ ನೌಕರನ ಕರ್ತವ್ಯವನ್ನು ನೋಡುತ್ತವೆ.

ಕೃತಿಸ್ವಾಮ್ಯ

ಭಾರತದ ಕೃತಿಸ್ವಾಮ್ಯ ಅಧಿನಿಯಮ, 1957ರ 17ನೆಯ ಪ್ರಕರಣದಂತೆ ಕೃತಿಯ ಮೊದಲ ಒಡೆಯನು ಅದರ ಕರ್ತೃವೇ. ಆದರೆ ಸೇವಾ ಕರಾರಿನಡಿ, ಉದ್ಯೋಗದ ಭಾಗವಾಗಿ ರಚಿತವಾದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದಾತನು ಮೊದಲ ಒಡೆಯನಾಗುತ್ತಾನೆ. 'ಉದ್ಯೋಗದ ಭಾಗವಾಗಿ' ಎಂಬ ಮಾತಿನಲ್ಲಿಯೇ ವಿವಾದದ ಬೇರು ಇದೆ. ಗಣಕ ತಂತ್ರಾಂಶವನ್ನೂ ಈ ಅಧಿನಿಯಮವು ಸಾಹಿತ್ಯ ಕೃತಿಯೆಂದೇ ಎಣಿಸುವುದರಿಂದ, ಇದೇ ನಿಯಮ ಸಾಫ್ಟ್‌ವೇರ್ ಎಂಜಿನಿಯರುಗಳಿಗೂ ಅನ್ವಯಿಸುತ್ತದೆ.

ಶಾಲೆಯೊಂದರ ಗಣಿತ ಶಿಕ್ಷಕರ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಶಾಲೆಯ ಅರ್ಧವಾರ್ಷಿಕ ಪರೀಕ್ಷೆಗೆ ಅವರು ಪ್ರಶ್ನೆಪತ್ರಿಕೆಯನ್ನು ಭಾನುವಾರ ಮನೆಯಲ್ಲಿ ಸಿದ್ಧಪಡಿಸಿದರೂ ಅದು ಅವರಿಗೆ ಒಪ್ಪಿಸಿದ ಕೆಲಸವೇ ಆಗಿದೆ, ಒಡೆತನ ಶಾಲೆಯದು. ಅದೇ ಶಿಕ್ಷಕರು ಮಕ್ಕಳಿಗಾಗಿ ಒಂದು ಕಥಾಸಂಕಲನ ಬರೆದರೆ, ಒಂದೆರಡು ಕಥೆಗಳನ್ನು ಬಿಡುವಿನ ಅವಧಿಯಲ್ಲಿ ಶಿಕ್ಷಕರ ಕೊಠಡಿಯಲ್ಲಿ ಬರೆದಿದ್ದರೂ, ಕಥೆ ಬರೆಯುವುದು ಅವರ ಉದ್ಯೋಗವಲ್ಲವಾದ್ದರಿಂದ ಕೃತಿ ಅವರದೇ. ಗಣಿತದ ಅಭ್ಯಾಸ ಪುಸ್ತಕ ಬರೆದರೆ ಮಾತ್ರ ಉತ್ತರ ಸುಲಭವಲ್ಲ. ಅಂತಹ ಪುಸ್ತಕ ಬರೆಯುವುದು ನೇಮಕಾತಿಯ ಕರ್ತವ್ಯಗಳಲ್ಲಿ ಸೇರಿತ್ತೇ, ಶಾಲೆ ಅದನ್ನು ಬರೆಯಲು ಹೇಳಿತ್ತೇ ಎಂಬುದನ್ನು ನೋಡಬೇಕಾಗುತ್ತದೆ.

ಇಂಗ್ಲೆಂಡಿನ 1914ರ ಬರ್ನ್ ವಿರುದ್ಧ ಸ್ಟ್ಯಾಟಿಸ್ಟ್ ಮೊಕದ್ದಮೆ ಇಲ್ಲಿ ಇಂದಿಗೂ ನೆನಪಿಗೆ ಬರುವಂಥದು. ಪತ್ರಿಕೆಯೊಂದರ ಸಂಪಾದಕೀಯ ಸಿಬ್ಬಂದಿಯಲ್ಲಿದ್ದ ಬರ್ನ್, ಅದೇ ಪತ್ರಿಕೆಗಾಗಿ ಪೋರ್ಚುಗೀಸ್ ಭಾಷಣವೊಂದನ್ನು ತನ್ನ ಸ್ವಂತ ಸಮಯದಲ್ಲಿ, ಪ್ರತ್ಯೇಕ ಸಂಭಾವನೆ ಪಡೆದು ಅನುವಾದಿಸಿದನು. ಅನುವಾದವು ಅವನ ನಿತ್ಯದ ಕರ್ತವ್ಯವಲ್ಲವೆಂದು ಕಂಡ ನ್ಯಾಯಾಲಯವು ಕೃತಿಸ್ವಾಮ್ಯ ಅವನದೇ ಎಂದಿತು. ಕೆಲಸ ಮಾಲೀಕನ ಪತ್ರಿಕೆಯಲ್ಲೇ ಅಚ್ಚಾಗಿದ್ದರೂ ಈ ತೀರ್ಮಾನ ಬಂದಿತೆಂಬುದು ಗಮನಾರ್ಹ.

ಆವಿಷ್ಕಾರ

ಪೇಟೆಂಟ್ ವಿಷಯದಲ್ಲಿ ಭಾರತದ ಕಾನೂನು ಇನ್ನೂ ಮಿತಭಾಷಿ. ಪೇಟೆಂಟ್ ಅಧಿನಿಯಮ, 1970ರಲ್ಲಿ ನೌಕರನ ಆವಿಷ್ಕಾರ ಉದ್ಯೋಗದಾತನಿಗೆ ತಾನಾಗಿಯೇ ಸೇರುತ್ತದೆಂಬ ನಿಯಮವಿಲ್ಲ. 6ನೆಯ ಪ್ರಕರಣದಂತೆ ನಿಜವಾದ ಮೊದಲ ಆವಿಷ್ಕಾರಕ ಅಥವಾ ಅವನಿಂದ ಹಕ್ಕು ಪಡೆದವರು ಅರ್ಜಿ ಹಾಕಬಹುದು. ಹೀಗಾಗಿ ಕಂಪನಿಯು ಅರ್ಜಿ ಸಲ್ಲಿಸುವಾಗ ಹಕ್ಕು ತನಗೆ ಬಂದಿದೆ ಎಂಬುದಕ್ಕೆ ಪುರಾವೆ ಒದಗಿಸಬೇಕು. ಸಾಮಾನ್ಯವಾಗಿ ಈ ಪುರಾವೆ ಆವಿಷ್ಕಾರಕನ ಸಹಿಯುಳ್ಳ ವರ್ಗಾವಣೆಯೇ ಆಗಿರುತ್ತದೆ. ಕೆಲಸಕ್ಕೆ ಸೇರಿದ ದಿನ ಓದದೆ ಸಹಿ ಹಾಕಿದ ಕರಾರು ಇದೇ ಕಾರಣಕ್ಕೆ ಮುಖ್ಯವಾಗುತ್ತದೆ.

ಅಂತಹ ಕರಾರು ಎಷ್ಟು ವಿಶಾಲವಾಗಿರಬಹುದು ಎಂಬ ಪ್ರಶ್ನೆ 1977ರಲ್ಲಿ ಇಂಗ್ಲೆಂಡಿನ ಇಲೆಕ್ಟ್ರೋಲಕ್ಸ್ ವಿರುದ್ಧ ಹಡ್ಸನ್ ಮೊಕದ್ದಮೆಯಲ್ಲಿ ಬಂದಿತು. ಹಡ್ಸನ್ ಧೂಳು ಹೀರುವ ಯಂತ್ರಗಳನ್ನು ತಯಾರಿಸುವ ಆ ಕಂಪನಿಯ ಉಗ್ರಾಣಪಾಲಕ. ಮನೆಯಲ್ಲಿ, ಕೆಲಸದ ಅವಧಿಯ ಹೊರಗೆ, ಹೆಂಡತಿಯ ಜೊತೆಗೂಡಿ, ಕಂಪನಿಯ ಸಾಮಗ್ರಿ ಬಳಸದೆ, ಧೂಳಿನ ಚೀಲವನ್ನು ಯಂತ್ರಕ್ಕೆ ಜೋಡಿಸುವ ಒಂದು ಸಾಧನವನ್ನು ಅವನು ರೂಪಿಸಿದನು. ಕಂಪನಿ ಅಥವಾ ಅದರ ಸಹಸಂಸ್ಥೆಗಳು ತಯಾರಿಸುವ ಯಾವುದೇ ವಸ್ತುವಿಗೆ ಸಂಬಂಧಿಸಿದ ಆವಿಷ್ಕಾರವನ್ನು ಒಪ್ಪಿಸಬೇಕೆಂಬ ಷರತ್ತು ಅವನ ಕರಾರಿನಲ್ಲಿತ್ತು. ಆವಿಷ್ಕಾರವು ಕಂಪನಿಯ ವ್ಯವಹಾರಕ್ಕೆ ಅಷ್ಟು ಹತ್ತಿರವಾಗಿದ್ದರೂ, ಸಂಶೋಧನೆಗೆಂದು ನೇಮಕವಾಗದ ಉಗ್ರಾಣಪಾಲಕನ ಮೇಲೆ ಅಂತಹ ಷರತ್ತು ವೃತ್ತಿಗೆ ಹೇರಿದ ಅನುಚಿತ ನಿರ್ಬಂಧವೆಂದು ನ್ಯಾಯಮೂರ್ತಿ ವಿಟ್‌ಫರ್ಡ್ ಅದನ್ನು ತಳ್ಳಿಹಾಕಿದರು. ಇದೇ ಕೆಲಸವನ್ನು ಸಂಶೋಧನಾ ವಿಭಾಗದ ಎಂಜಿನಿಯರನೊಬ್ಬನು ಮನೆಯಲ್ಲಿ ಮಾಡಿದ್ದರೆ ತೀರ್ಪು ಬೇರೆಯಾಗುವ ಸಂಭವವೇ ಹೆಚ್ಚು. ಅವನ ಸಂಬಳವೇ ಯೋಚನೆಗಾಗಿ.

ಈ ತೀರ್ಪು ಭಾರತದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ವೃತ್ತಿಯನ್ನು ನಿರ್ಬಂಧಿಸುವ ಒಪ್ಪಂದಗಳು ಆ ಮಟ್ಟಿಗೆ ಶೂನ್ಯವೆಂದು ಭಾರತೀಯ ಕರಾರು ಅಧಿನಿಯಮ, 1872ರ 27ನೆಯ ಪ್ರಕರಣ ಹೇಳುವುದರಿಂದ, ಅತಿ ವಿಶಾಲವಾದ ಷರತ್ತನ್ನು ಪ್ರಶ್ನಿಸಲು ಇಲ್ಲಿಯೂ ಅವಕಾಶವುಂಟು.

ವಿವಾದ ಹುಟ್ಟುವ ಬಗೆ

ಬಹುತೇಕ ಗೊಂದಲಗಳಿಗೆ ಕಾರಣ ಬೆರಕೆ. ಸ್ವಂತ ಯೋಜನೆಯನ್ನು ಕಚೇರಿಯ ಲ್ಯಾಪ್‌ಟಾಪಿನಲ್ಲಿ ಇರಿಸಿದರೆ ಅಷ್ಟರಿಂದಲೇ ಒಡೆತನ ಬದಲಾಗುವುದಿಲ್ಲವಾದರೂ, ಅದು ಕೆಲಸದ ಭಾಗವೆಂಬ ವಾದಕ್ಕೆ ಬಲ ಬರುತ್ತದೆ. ಕಚೇರಿಯ ಗೋಪ್ಯ ಮಾಹಿತಿಯನ್ನು ಬಳಸಿದ್ದರೆ, ಕೃತಿ ತನ್ನದಾಗಿದ್ದರೂ ಗೋಪ್ಯತೆಯ ಉಲ್ಲಂಘನೆಗೆ ನೌಕರನು ಬೇರೆಯಾಗಿ ಹೊಣೆಯಾಗಬಹುದು. ಸೇರುವ ಮುನ್ನವೇ ಇದ್ದ ಯೋಜನೆಗಳ ಪಟ್ಟಿಯನ್ನು ಕರಾರಿಗೆ ಲಗತ್ತಿಸುವುದು ಮತ್ತು ಹೊಸದನ್ನು ಆರಂಭಿಸುವ ಮೊದಲು ಲಿಖಿತ ಒಪ್ಪಿಗೆ ಪಡೆಯುವುದು ಇದಕ್ಕಾಗಿಯೇ ರೂಢಿಯಲ್ಲಿದೆ. ಬಾಯಿಮಾತಿನ ಒಪ್ಪಿಗೆ, ಅದನ್ನು ಕೊಟ್ಟ ಅಧಿಕಾರಿ ವರ್ಗವಾಗಿ ಹೋದ ಮೇಲೆ, ಸಾಬೀತುಪಡಿಸಲು ಬಹಳ ಕಷ್ಟ.